ರೋಲ್‌ಬ್ಯಾಕ್ ಮಾಡಬೇಕೇ, ಮುಂದಕ್ಕೆ ಸರಿಪಡಿಸಬೇಕೇ? ಕೆಟ್ಟ ರಿಲೀಸ್‌ನ ನಡುವೆ ನಿರ್ಧಾರ ಕೈಗೊಳ್ಳುವ ಬಗೆ

2024ರ ಜುಲೈ 19ರಂದು ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲಿ ಪ್ರಯಾಣಿಕರಿಗೆ ಕೈಯಲ್ಲಿ ಬರೆದ ಬೋರ್ಡಿಂಗ್ ಪಾಸ್ ಕೊಟ್ಟ ಚಿತ್ರಗಳನ್ನು ಹಲವರು ನೋಡಿರಬಹುದು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಸಾಫ್ಟ್‌ವೇರ್ ಕಂಪನಿ ಕಳುಹಿಸಿದ ಒಂದು ಸಣ್ಣ ಫೈಲ್, ವಿಂಡೋಸ್ ಕಂಪ್ಯೂಟರ್‌ಗಳನ್ನು ನೀಲಿ ಪರದೆಯಲ್ಲಿ ನಿಲ್ಲಿಸಿಬಿಟ್ಟಿತ್ತು. ಮೈಕ್ರೋಸಾಫ್ಟ್ ಅಂದಾಜಿನಂತೆ ಕೆಟ್ಟು ನಿಂತ ಕಂಪ್ಯೂಟರ್‌ಗಳ ಸಂಖ್ಯೆ 85 ಲಕ್ಷ. ಅಂದು ಬಹುತೇಕರು ಕೇಳಿದ ಪ್ರಶ್ನೆ ಸರಳವಾಗಿತ್ತು: ಹೊಸದರಿಂದ ತೊಂದರೆಯಾಯಿತು ಎಂದಮೇಲೆ ಹಳೆಯದಕ್ಕೇ ಮರಳಬಾರದೇ?

ಕಂಪನಿ ಮರಳಿತ್ತು. ಫೈಲ್ ಹೊರಟದ್ದು ನಮ್ಮ ಗಡಿಯಾರದಲ್ಲಿ ಬೆಳಿಗ್ಗೆ 9:39ಕ್ಕೆ, ಅದನ್ನು ಹಿಂತೆಗೆದುಕೊಂಡದ್ದು 10:57ಕ್ಕೆ. ನಡುವೆ ಕಳೆದದ್ದು 78 ನಿಮಿಷ ಮಾತ್ರ. ಆದರೆ ಅಷ್ಟರಲ್ಲಿ ಕುಸಿದಿದ್ದ ಕಂಪ್ಯೂಟರ್‌ಗಳು ಸರಿಯಾದ ಫೈಲನ್ನು ಪಡೆಯುವಷ್ಟು ಹೊತ್ತು ಎಚ್ಚರವಾಗಿ ಇರುತ್ತಲೇ ಇರಲಿಲ್ಲ. ಹೆಚ್ಚಿನವುಗಳ ಮುಂದೆ ಒಬ್ಬ ಮನುಷ್ಯ ಕುಳಿತು, ಸೇಫ್ ಮೋಡ್‌ನಲ್ಲಿ ಅದನ್ನು ತೆರೆದು, `C-00000291*.sys` ಎಂಬ ಹೆಸರಿನ ಫೈಲನ್ನು ಕೈಯಾರೆ ಅಳಿಸಬೇಕಾಯಿತು. ಹಿಂತೆಗೆದುಕೊಂಡದ್ದರಿಂದ ಹೊಸ ಹಾನಿ ನಿಂತಿತೇ ಹೊರತು ಆಗಿದ್ದ ಹಾನಿ ಮಾಯವಾಗಲಿಲ್ಲ.

ಕೆಟ್ಟ ರಿಲೀಸ್‌ನ ನಡುವೆ ಸಿಕ್ಕಿಕೊಂಡ ತಂಡವೊಂದು ಹಿಂದಕ್ಕೆ ಹೋಗಬೇಕೇ, ಇದ್ದಲ್ಲಿಂದಲೇ ಮುಂದಕ್ಕೆ ಸರಿಪಡಿಸಬೇಕೇ ಎಂಬುದನ್ನು ಯಾವ ಆಧಾರದ ಮೇಲೆ ತೀರ್ಮಾನಿಸುತ್ತದೆ, ತೀರ್ಮಾನಿಸಬೇಕು ಎಂಬುದನ್ನು ಮೂಲದಿಂದ ನೋಡೋಣ.

## ಎರಡು ದಾರಿಗಳು, ಮತ್ತು ಅವುಗಳ ಹೆಸರಿನಲ್ಲಿರುವ ಗೊಂದಲ

ಒಂದು ಸೇವೆಯ ಹೊಸ ಆವೃತ್ತಿಯನ್ನು ಬಳಕೆದಾರರ ಮುಂದೆ ಇಡುವುದನ್ನು ರಿಲೀಸ್ ಎನ್ನುತ್ತಾರೆ. ಅದು ಕೆಟ್ಟಾಗ, ನಿನ್ನೆಯವರೆಗೆ ಓಡುತ್ತಿದ್ದ ಆವೃತ್ತಿಯನ್ನೇ ಮತ್ತೆ ಓಡಿಸುವುದು ರೋಲ್‌ಬ್ಯಾಕ್. ಹೊಸ ಆವೃತ್ತಿಯನ್ನು ಹಾಗೆಯೇ ಬಿಟ್ಟು, ಅದರಲ್ಲಿನ ತಪ್ಪನ್ನು ಹುಡುಕಿ, ತಿದ್ದಿದ ಇನ್ನೊಂದು ಆವೃತ್ತಿಯನ್ನು ಹೊರತರುವುದು ಫಾರ್ವರ್ಡ್ ಫಿಕ್ಸ್.

ಇವೆರಡರ ನಡುವಿನ ಮುಖ್ಯ ವ್ಯತ್ಯಾಸ ವೇಗದಲ್ಲಿಲ್ಲ, ತಿಳಿವಳಿಕೆಯಲ್ಲಿದೆ. ರೋಲ್‌ಬ್ಯಾಕ್ ಮಾಡಲು ತಪ್ಪು ಎಲ್ಲಿದೆ ಎಂದು ಗೊತ್ತಿರಬೇಕಾಗಿಲ್ಲ. ರಿಲೀಸ್ ಆದ ಮೇಲೆಯೇ ತೊಂದರೆ ಶುರುವಾಯಿತು ಎಂಬಷ್ಟು ಗೊತ್ತಿದ್ದರೆ ಸಾಕು. ಮುಂದಕ್ಕೆ ಸರಿಪಡಿಸಲು ಕಾರಣ ಖಚಿತವಾಗಿ ತಿಳಿದಿರಬೇಕು. ಆದ್ದರಿಂದಲೇ ಕಾರಣ ಗೊತ್ತಿಲ್ಲದ ಹೊತ್ತಿನಲ್ಲಿ, ಬೇರೆ ಅಡ್ಡಿಯಿಲ್ಲದಿದ್ದರೆ, ಹಿಂದಕ್ಕೆ ಹೋಗುವುದೇ ರೂಢಿಯ ಮೊದಲ ಆಯ್ಕೆ. ಆ ‘ಬೇರೆ ಅಡ್ಡಿ’ ಏನು ಎಂಬುದರಲ್ಲಿಯೇ ಇಡೀ ವಿಷಯ ಅಡಗಿದೆ.

ಅದಕ್ಕೂ ಮೊದಲು ಒಂದು ಗೊಂದಲವನ್ನು ಬಿಡಿಸಿಕೊಳ್ಳಬೇಕು. ‘ರೋಲ್‌ಬ್ಯಾಕ್ ಮಾಡಿದೆವು’ ಎನ್ನುವ ಅನೇಕರು ನಿಜವಾಗಿ ಮಾಡಿದ್ದು, ಕೋಡ್‌ನ ಬದಲಾವಣೆಗಳ ದಾಖಲೆ ಇಡುವ ಗಿಟ್ ಎಂಬ ಸಾಧನದ `git revert` ಆಜ್ಞೆ. ಅದು ಹಳೆಯ ಆವೃತ್ತಿಯನ್ನು ಎತ್ತಿ ಇಡುವುದಿಲ್ಲ. ಕೆಟ್ಟ ಬದಲಾವಣೆಯನ್ನು ತಿರುಗುಮುರುಗು ಮಾಡುವ ಹೊಸದೊಂದು ಬದಲಾವಣೆಯನ್ನು ಸೃಷ್ಟಿಸುತ್ತದೆ. ಅದು ಮತ್ತೆ ಬಿಲ್ಡ್ ಆಗಬೇಕು, ಅಂದರೆ ಓಡಿಸಬಹುದಾದ ಪ್ಯಾಕೇಜಾಗಿ ಸಿದ್ಧವಾಗಬೇಕು, ಪರೀಕ್ಷೆಗಳನ್ನು ದಾಟಬೇಕು, ಸರ್ವರ್‌ಗಳಿಗೆ ಹೋಗಬೇಕು. ಗಡಿಯಾರದ ದೃಷ್ಟಿಯಿಂದ ನೋಡಿದರೆ ಅದೂ ಮುಂದಕ್ಕೆ ಹೋಗುವ ದಾರಿಯೇ. ನಿನ್ನೆ ಸಿದ್ಧಪಡಿಸಿಟ್ಟಿದ್ದ ಪ್ಯಾಕೇಜನ್ನೇ ಮತ್ತೆ ಓಡಿಸುವುದು ಮಾತ್ರ ನಿಮಿಷಗಳಲ್ಲಿ ಮುಗಿಯುವ ನಿಜವಾದ ರೋಲ್‌ಬ್ಯಾಕ್. ಕುಬರ್ನೆಟೀಸ್ ಎಂಬ ವ್ಯವಸ್ಥೆಯಲ್ಲಿ ಓಡುವ ಸೇವೆಗಳಿಗೆ ಆ ಆಜ್ಞೆ ಹೀಗಿರುತ್ತದೆ:

```
kubectl rollout undo deployment/booking
```

ಈ ಒಂದು ಸಾಲಿನಲ್ಲಿಯೂ ಒಂದು ಬಲೆ ಇದೆ. ಇದು ಪ್ರೋಗ್ರಾಮನ್ನು ಹಿಂದಿನ ಆವೃತ್ತಿಗೆ ಕೊಂಡೊಯ್ಯುತ್ತದೆ. ಅದರ ಜೊತೆಗೆ ಪ್ರತ್ಯೇಕವಾಗಿ ಬದಲಾಯಿಸಿದ್ದ ಕಾನ್ಫಿಗರೇಶನ್ ಅನ್ನು, ಅಂದರೆ ಪ್ರೋಗ್ರಾಮ್ ಓದಿಕೊಳ್ಳುವ ಸೆಟ್ಟಿಂಗ್‌ಗಳನ್ನು, ಮುಟ್ಟುವುದಿಲ್ಲ. ಪರಿಣಾಮವಾಗಿ ಹಳೆಯ ಪ್ರೋಗ್ರಾಮ್ ಹೊಸ ಸೆಟ್ಟಿಂಗ್‌ಗಳೊಂದಿಗೆ ಓಡತೊಡಗುತ್ತದೆ. ಈ ಜೋಡಿ ನಿನ್ನೆ ಇರಲಿಲ್ಲ, ಇಂದು ಬೆಳಿಗ್ಗೆಯೂ ಇರಲಿಲ್ಲ. ಇದನ್ನು ಯಾರೂ ಪರೀಕ್ಷಿಸಿಲ್ಲ.

## ಹಿಂದಕ್ಕೆ ಹೋದದ್ದೇ ಮುಳುವಾದ 2012ರ ಆ 45 ನಿಮಿಷಗಳು

ಪರೀಕ್ಷಿಸದ ಜೋಡಿ ಏನು ಮಾಡಬಲ್ಲದು ಎಂಬುದಕ್ಕೆ ನೈಟ್ ಕ್ಯಾಪಿಟಲ್ ಪ್ರಕರಣಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಗೊತ್ತಿಲ್ಲ. ಇದು ಅಮೆರಿಕದ ಷೇರು ದಲ್ಲಾಳಿ ಸಂಸ್ಥೆ. ಅಲ್ಲಿನ ಷೇರು ನಿಯಂತ್ರಕ ಸಂಸ್ಥೆ ಎಸ್‌ಇಸಿ 2013ರಲ್ಲಿ ಹೊರಡಿಸಿದ ಆದೇಶದಲ್ಲಿ ನಡೆದದ್ದೆಲ್ಲ ದಾಖಲಾಗಿದೆ.

ಗ್ರಾಹಕರ ಆದೇಶಗಳನ್ನು ಸಣ್ಣ ಸಣ್ಣ ಭಾಗಗಳಾಗಿ ಮಾಡಿ ಮಾರುಕಟ್ಟೆಗೆ ಕಳುಹಿಸುವ ಸ್ಮಾರ್ಸ್ ಎಂಬ ವ್ಯವಸ್ಥೆ ಆ ಸಂಸ್ಥೆಯಲ್ಲಿತ್ತು. ಅದು 8 ಸರ್ವರ್‌ಗಳಲ್ಲಿ ಓಡುತ್ತಿತ್ತು. ಅದರೊಳಗೆ ಪವರ್ ಪೆಗ್ ಎಂಬ, 2003ರಲ್ಲಿಯೇ ಬಳಕೆ ನಿಂತುಹೋಗಿದ್ದ ಒಂದು ಹಳೆಯ ಭಾಗ ಅಳಿಸದೆ ಉಳಿದುಕೊಂಡಿತ್ತು. ಒಂದು ಫ್ಲ್ಯಾಗ್, ಅಂದರೆ ಹೌದು-ಅಲ್ಲ ಎಂದು ಹೇಳುವ ಗುರುತು, ಬಂದರೆ ಆ ಭಾಗ ಚಾಲೂ ಆಗುತ್ತಿತ್ತು. 2012ರ ಜುಲೈ ಕೊನೆಯಲ್ಲಿ ಹೊಸ ಕೋಡ್ ಸಿದ್ಧವಾದಾಗ, ಅದೇ ಹಳೆಯ ಫ್ಲ್ಯಾಗನ್ನು ಹೊಸ ಕೆಲಸಕ್ಕೆ ಮರುಬಳಕೆ ಮಾಡಲಾಯಿತು. ಹೊಸ ಕೋಡ್ 7 ಸರ್ವರ್‌ಗಳಿಗೆ ಹೋಯಿತು. ಎಂಟನೆಯದಕ್ಕೆ ಅದನ್ನು ನಕಲಿಸಲು ತಂತ್ರಜ್ಞರೊಬ್ಬರು ಮರೆತರು.

ಇದನ್ನು ಒಂದು ಬಡಾವಣೆಯ 8 ಮನೆಗಳಿಗೆ ಹೋಲಿಸಬಹುದು. ಪ್ರತಿ ಮನೆಯಲ್ಲಿ ಹಿಂದೆ ನೀರಿನ ಪಂಪಿಗೆ ಜೋಡಿಸಿದ್ದ ಒಂದು ಸ್ವಿಚ್ ಇದೆ. ಪಂಪಿನ ಬಳಕೆ ನಿಂತು ವರ್ಷಗಳಾಗಿವೆ. ಈಗ ಅದೇ ಸ್ವಿಚ್ಚಿಗೆ ದೀಪವನ್ನು ಜೋಡಿಸಲಾಗಿದೆ, ಆದರೆ 7 ಮನೆಗಳಲ್ಲಿ ಮಾತ್ರ. ಎಲ್ಲ ಮನೆಗಳ ಸ್ವಿಚ್ಚನ್ನೂ ಒಟ್ಟಿಗೆ ಒತ್ತಿದಾಗ 7 ಮನೆಗಳಲ್ಲಿ ದೀಪ ಹೊತ್ತಿಕೊಳ್ಳುತ್ತದೆ, ಎಂಟನೆಯದರಲ್ಲಿ ಹಳೆಯ ಪಂಪು ಓಡತೊಡಗುತ್ತದೆ. ಟ್ಯಾಂಕ್ ತುಂಬಿದಾಗ ಪಂಪನ್ನು ನಿಲ್ಲಿಸುವ ಫ್ಲೋಟನ್ನು ಈ ನಡುವೆ ಯಾರೋ ಬೇರೆಡೆಗೆ ಸರಿಸಿದ್ದಾರೆ. ಆದ್ದರಿಂದ ಅದು ನಿಲ್ಲುವುದೇ ಇಲ್ಲ. ನೈಟ್‌ನಲ್ಲಿ ಈ ಫ್ಲೋಟಿನ ಕೆಲಸ ಮಾಡುತ್ತಿದ್ದದ್ದು, ಆದೇಶ ಪೂರ್ತಿಯಾಯಿತೇ ಎಂದು ಎಣಿಸುವ ಭಾಗ. ಅದನ್ನು 2005ರಲ್ಲಿ ಸ್ಥಳಾಂತರಿಸಿದ್ದರು, ಆಮೇಲೆ ಪವರ್ ಪೆಗ್ಗನ್ನು ಮತ್ತೆ ಪರೀಕ್ಷಿಸಿರಲಿಲ್ಲ.

ಆಗಸ್ಟ್ 1ರಂದು ಬೆಳಿಗ್ಗೆ 9:30ಕ್ಕೆ ಮಾರುಕಟ್ಟೆ ತೆರೆಯಿತು. ಎಂಟನೆಯ ಸರ್ವರ್, ಪೂರ್ತಿಯಾದ ಆದೇಶಗಳಿಗೂ ಮತ್ತೆ ಮತ್ತೆ ಷೇರು ಕೊಳ್ಳುವ, ಮಾರುವ ಸಂದೇಶಗಳನ್ನು ಕಳುಹಿಸತೊಡಗಿತು. ತಂಡಕ್ಕೆ ಕಾರಣ ಗೊತ್ತಿರಲಿಲ್ಲ. ಹೊಸ ಕೋಡ್ ಮೇಲೆ ಅನುಮಾನ ಬರುವುದು ಸಹಜವೇ. ಆದ್ದರಿಂದ ಅವರು ಸರಿಯಾಗಿ ಓಡುತ್ತಿದ್ದ 7 ಸರ್ವರ್‌ಗಳಿಂದ ಹೊಸ ಕೋಡನ್ನು ತೆಗೆದುಹಾಕಿದರು. ಬಡಾವಣೆಯ ಮಾತಿನಲ್ಲಿ ಹೇಳುವುದಾದರೆ, ಸ್ವಿಚ್ಚು ಒತ್ತಿದ್ದಂತೆಯೇ ಇರುವಾಗ 7 ಮನೆಗಳ ತಂತಿಯನ್ನು ಮತ್ತೆ ಹಳೆಯ ಪಂಪಿಗೇ ಜೋಡಿಸಿದರು. ಗ್ರಾಹಕರ ಆದೇಶಗಳು ಫ್ಲ್ಯಾಗ್ ಹೊತ್ತುಕೊಂಡೇ ಬರುತ್ತಿದ್ದವು. ಆಗ ಆ ಸರ್ವರ್‌ಗಳಲ್ಲಿಯೂ ಪವರ್ ಪೆಗ್ ಎಚ್ಚೆತ್ತಿತು.

ಒಟ್ಟು ಸುಮಾರು 45 ನಿಮಿಷಗಳಲ್ಲಿ, 212 ಸಣ್ಣ ಆದೇಶಗಳನ್ನು ಪೂರೈಸಲು ಹೊರಟ ವ್ಯವಸ್ಥೆ 154 ಕಂಪನಿಗಳ 39.7 ಕೋಟಿಗೂ ಹೆಚ್ಚು ಷೇರುಗಳ ವಹಿವಾಟು ನಡೆಸಿತು. ನಷ್ಟ 46 ಕೋಟಿ ಡಾಲರನ್ನು ಮೀರಿತು. ಮಾರುಕಟ್ಟೆ ತೆರೆಯುವ ಮೊದಲೇ, 8:01ರಿಂದ, ಪವರ್ ಪೆಗ್ ಹೆಸರನ್ನೇ ಹೇಳುವ 97 ಇಮೇಲ್‌ಗಳನ್ನು ವ್ಯವಸ್ಥೆ ತಾನಾಗಿ ಸಿಬ್ಬಂದಿಗೆ ಕಳುಹಿಸಿತ್ತು. ಅವು ಎಚ್ಚರಿಕೆಯ ಗಂಟೆಯಾಗಿ ರೂಪಿಸಿದ ಸಂದೇಶಗಳಲ್ಲ; ಹಾಗಾಗಿ ಯಾರೂ ಅವುಗಳ ಮೇಲೆ ಕ್ರಮ ಕೈಗೊಳ್ಳಲಿಲ್ಲ.

ಅವರು ಹಿಂದಕ್ಕೆ ಹೋದದ್ದೇ ತಪ್ಪು ಎಂದು ಇದರಿಂದ ತೀರ್ಮಾನಿಸಬೇಕಾಗಿಲ್ಲ. ಅವರು ಕೋಡನ್ನು ಮಾತ್ರ ಹಿಂದಕ್ಕೆ ಕೊಂಡೊಯ್ದರು, ಒಳಬರುತ್ತಿದ್ದ ಆದೇಶಗಳ ಮೇಲಿನ ಫ್ಲ್ಯಾಗನ್ನು ಹಾಗೆಯೇ ಬಿಟ್ಟರು ಎಂಬುದು ಗಮನಿಸಬೇಕಾದದ್ದು. ರೋಲ್‌ಬ್ಯಾಕ್ ಕಾಲವನ್ನು ಹಿಂದಕ್ಕೆ ತಿರುಗಿಸುವುದಿಲ್ಲ. ನಿನ್ನೆಯ ಕೋಡನ್ನು ಇಂದಿನ ಪರಿಸ್ಥಿತಿಗೆ ತಂದು ನಿಲ್ಲಿಸುತ್ತದೆ. ಆ ಪರಿಸ್ಥಿತಿ ನಿನ್ನೆಯಂತೆಯೇ ಇದ್ದರೆ ಅದು ಸುರಕ್ಷಿತ. ಬದಲಾಗಿದ್ದರೆ ಅದೂ ಒಂದು ಹೊಸ ರಿಲೀಸ್, ಅದೂ ಪರೀಕ್ಷೆಯೇ ಆಗದ ರಿಲೀಸ್.

## ಆಯ್ಕೆಗೆ ಮೊದಲು, ನಲ್ಲಿಯನ್ನು ಮುಚ್ಚುವುದು

ಎರಡು ದಾರಿಗಳ ಚರ್ಚೆ ಶುರುವಾಗುವ ಮೊದಲು ಕೇಳಬೇಕಾದ ಪ್ರಶ್ನೆ, ಹಾನಿಯನ್ನು ಈಗಲೇ ನಿಲ್ಲಿಸುವ ಸ್ವಿಚ್ ಇದೆಯೇ ಎಂಬುದು. ಹೊಸ ಸೌಲಭ್ಯವನ್ನು ಫೀಚರ್ ಫ್ಲ್ಯಾಗ್ ಹಿಂದೆ ಇಟ್ಟಿದ್ದರೆ, ಅಂದರೆ ಕೋಡ್ ಬದಲಾಯಿಸದೆ ಅದೊಂದನ್ನೇ ಆರಿಸುವ ವ್ಯವಸ್ಥೆ ಮಾಡಿಕೊಂಡಿದ್ದರೆ, ಅದನ್ನು ಆರಿಸಿದ ಕ್ಷಣದಲ್ಲಿ ಆತುರ ಇಳಿಯುತ್ತದೆ.

2019ರ ಜುಲೈ 2ರಂದು ಕ್ಲೌಡ್‌ಫ್ಲೇರ್ ಇದನ್ನೇ ಮಾಡಿತು. ಜಗತ್ತಿನ ಅಪಾರ ಸಂಖ್ಯೆಯ ಜಾಲತಾಣಗಳಿಗೆ ರಕ್ಷಣೆ ಒದಗಿಸುವ ಈ ಕಂಪನಿ 13:42ಕ್ಕೆ ತನ್ನ ಫೈರ್‌ವಾಲ್‌ಗೆ ಒಂದು ಹೊಸ ನಿಯಮವನ್ನು ಸೇರಿಸಿತು. ಆ ನಿಯಮದಲ್ಲಿದ್ದ ಹುಡುಕಾಟದ ಸೂತ್ರವೊಂದು ಸರ್ವರ್‌ಗಳ ಶಕ್ತಿಯನ್ನೆಲ್ಲ ನುಂಗಿತು, ಜಾಲತಾಣಗಳು ತೆರೆಯದಾದವು. 14:07ಕ್ಕೆ ಅವರು ತಪ್ಪಾದ ನಿಯಮವನ್ನು ತಿದ್ದುವ ಬದಲು ಆ ಫೈರ್‌ವಾಲ್ ಭಾಗವನ್ನೇ ಜಗತ್ತಿನಾದ್ಯಂತ ಆರಿಸಿದರು. ಎರಡೇ ನಿಮಿಷಗಳಲ್ಲಿ ಸಂಚಾರ ಸಹಜ ಸ್ಥಿತಿಗೆ ಬಂತು. ತಪ್ಪಾದ ನಿಯಮವನ್ನು ತೆಗೆದು, ಪರೀಕ್ಷಿಸಿ, ಫೈರ್‌ವಾಲನ್ನು ಮತ್ತೆ ಹೊತ್ತಿಸಿದ್ದು 14:52ಕ್ಕೆ. ಕೆಲ ಹೊತ್ತು ಆ ರಕ್ಷಣೆ ಇಲ್ಲದಿರುವುದು, ಏನೂ ನಡೆಯದಿರುವುದಕ್ಕಿಂತ ವಾಸಿ ಎಂಬ ಲೆಕ್ಕ ಅದರ ಹಿಂದಿತ್ತು.

ಸ್ವಿಚ್ ಇಲ್ಲದ ಕಡೆಯೂ ಹರಿವನ್ನು ತಗ್ಗಿಸುವ ಉಪಾಯಗಳಿರುತ್ತವೆ. ರಿಲೀಸ್ ಅರ್ಧ ಸರ್ವರ್‌ಗಳಿಗೆ ಹೋಗಿದ್ದರೆ ಅಲ್ಲಿಗೇ ನಿಲ್ಲಿಸಬಹುದು. ಹಿನ್ನೆಲೆಯಲ್ಲಿ ಓಡುವ ಕೆಲಸಗಳನ್ನು ತಡೆಹಿಡಿಯಬಹುದು. ಇದೇ ಹೊತ್ತಿನಲ್ಲಿ ಒಂದು ಕೆಟ್ಟ ಸರ್ವರನ್ನು ಬಳಕೆದಾರರಿಂದ ದೂರ ಸರಿಸಿ, ಅದರಲ್ಲಿ ನಡೆದದ್ದನ್ನು ದಾಖಲಿಸುವ ಲಾಗ್‌ಗಳ ಸಮೇತ ಹಾಗೆಯೇ ಉಳಿಸಿಕೊಳ್ಳುವುದು ಒಳ್ಳೆಯದು. ಎಲ್ಲವನ್ನೂ ಹಿಂದಕ್ಕೆ ಕೊಂಡೊಯ್ದ ಮೇಲೆ ಕಾರಣ ಹುಡುಕಲು ಸಾಕ್ಷ್ಯವೇ ಉಳಿದಿರುವುದಿಲ್ಲ.

## ನಿರ್ಣಾಯಕ ಪ್ರಶ್ನೆ: ಹಳೆಯ ಕೋಡ್ ಇಂದಿನ ಡೇಟಾವನ್ನು ಓದಬಲ್ಲದೇ?

ದರ್ಜಿ ಹಾಕಿದ ಹೊಲಿಗೆ ಸರಿಬರದಿದ್ದರೆ ಅದನ್ನು ಬಿಚ್ಚಿ ಬಟ್ಟೆಯನ್ನು ಮೊದಲಿನಂತೆ ಮಾಡಬಹುದು. ಬಟ್ಟೆಯನ್ನೇ ಕತ್ತರಿಸಿದ್ದರೆ ಹೊಲಿಗೆ ಬಿಚ್ಚಿ ಪ್ರಯೋಜನವಿಲ್ಲ; ಇರುವ ತುಂಡುಗಳಿಂದಲೇ ಏನಾದರೂ ಮಾಡಬೇಕು. ಸಾಫ್ಟ್‌ವೇರ್‌ನಲ್ಲಿ ಕೋಡ್ ಹೊಲಿಗೆಯಂತೆ, ಡೇಟಾ ಬಟ್ಟೆಯಂತೆ.

ರಿಲೀಸ್ ಕೋಡನ್ನು ಮಾತ್ರ ಬದಲಾಯಿಸಿದ್ದರೆ, ಉದಾಹರಣೆಗೆ ಪುಟದ ವಿನ್ಯಾಸವನ್ನೋ ಲೆಕ್ಕದ ಸೂತ್ರವನ್ನೋ ಬದಲಾಯಿಸಿದ್ದರೆ, ಹಿಂದಕ್ಕೆ ಹೋಗಲು ಹೆಚ್ಚು ಯೋಚಿಸಬೇಕಾಗಿಲ್ಲ. ಮಾಹಿತಿಯನ್ನು ಇಡುವ ರೀತಿಯೇ ಬದಲಾಗಿದ್ದರೆ ಪರಿಸ್ಥಿತಿ ಬೇರೆ. ಡೇಟಾಬೇಸ್‌ನ ಕೋಷ್ಟಕಕ್ಕೆ ಖಾಲಿ ಬಿಡಬಹುದಾದ ಒಂದು ಹೊಸ ಕಾಲಮ್ ಸೇರಿಸಿದ್ದರೆ ಹಳೆಯ ಕೋಡ್ ಸಾಮಾನ್ಯವಾಗಿ ಅದನ್ನು ನೋಡದೆ ತನ್ನ ಪಾಡಿಗೆ ತಾನಿರುತ್ತದೆ. ಇದ್ದ ಕಾಲಮನ್ನು ಅಳಿಸಿದ್ದರೆ ಅಥವಾ ಹೆಸರು ಬದಲಾಯಿಸಿದ್ದರೆ, ಹಳೆಯ ಕೋಡ್ ಅದನ್ನು ಕೇಳಿದ ಪ್ರತಿ ಸಲವೂ ದೋಷ ಬರುತ್ತದೆ. ಆಗ ಒಂದು ಮೂಲೆಯಲ್ಲಿದ್ದ ತೊಂದರೆಯನ್ನು ನಿವಾರಿಸಲು ಹೋಗಿ ಇಡೀ ಸೇವೆಯನ್ನೇ ಮಲಗಿಸಿದಂತಾಗುತ್ತದೆ.

ಕಾಲಮ್ ಅಳಿದಿದ್ದರೆ ಅದು ಕೂಡಲೇ ಕಣ್ಣಿಗೆ ಬೀಳುತ್ತದೆ. ಕಣ್ಣಿಗೆ ಬೀಳದ ಬಗೆ ಇನ್ನೊಂದಿದೆ. ಕೋಷ್ಟಕದ ಆಕಾರ ಬದಲಾಗಿರುವುದಿಲ್ಲ. ಅದರೊಳಗೆ ಬರೆಯುವ ಮೌಲ್ಯಗಳು ಬದಲಾಗಿರುತ್ತವೆ. ಹಳೆಯ ಕೋಡ್‌ಗೆ ಗೊತ್ತಿಲ್ಲದ ಹೊಸ ಸ್ಥಿತಿಯೊಂದನ್ನು ಹೊಸ ಕೋಡ್ ಬರೆದಿಟ್ಟಿರುತ್ತದೆ, ಅಥವಾ ರೂಪಾಯಿಯಲ್ಲಿ ಬರೆಯುತ್ತಿದ್ದ ಮೊತ್ತವನ್ನು ಪೈಸೆಯಲ್ಲಿ ಬರೆದಿರುತ್ತದೆ. ಎರಡನೆಯದು ಹೆಚ್ಚು ಅಪಾಯಕಾರಿ, ಏಕೆಂದರೆ ಹಳೆಯ ಕೋಡ್ ದೋಷ ತೋರಿಸದೆ ನಗುನಗುತ್ತಾ ನೂರು ಪಟ್ಟು ತಪ್ಪು ಓದುತ್ತದೆ.

ಹಿಂದಿರುಗುವ ಬಾಗಿಲು ನಿಮಿಷ ನಿಮಿಷಕ್ಕೂ ಕಿರಿದಾಗುವುದು ಇಲ್ಲಿಯೇ. ರಿಲೀಸ್ ಆದ ಕೂಡಲೇ ಹೊಸ ಬಗೆಯ ದಾಖಲೆಗಳು ಸೊನ್ನೆ ಇರುತ್ತವೆ. ಹತ್ತು ನಿಮಿಷದಲ್ಲಿ ಕೆಲವು ನೂರು, ಸಂಜೆಗೆ ಲಕ್ಷ. ಬೆಳಿಗ್ಗೆ ಸರಿಯಾಗಿದ್ದ ರೋಲ್‌ಬ್ಯಾಕ್ ನಿರ್ಧಾರ ಸಂಜೆಗೆ ತಪ್ಪಾಗಬಹುದು. ಆದ್ದರಿಂದ ‘ಹಿಂದಕ್ಕೆ ಹೋಗಬಹುದೇ’ ಎಂಬುದನ್ನು ಸಭೆಯಲ್ಲಿ ಊಹಿಸುವುದಕ್ಕಿಂತ ಡೇಟಾಬೇಸನ್ನೇ ಕೇಳಿ ಎಣಿಸುವುದು ಮೇಲು. ಹೇಗೆ ಎಂಬುದನ್ನು ಕೊನೆಯ ಉದಾಹರಣೆಯಲ್ಲಿ ನೋಡುತ್ತೇವೆ.

## ‘ಒಂದೇ ಸಾಲಿನ ಬದಲಾವಣೆ, ಐದು ನಿಮಿಷ’

ಡೇಟಾ ಅಡ್ಡಿಯಿಲ್ಲ, ಎರಡೂ ದಾರಿಗಳು ತೆರೆದಿವೆ ಎಂದಿಟ್ಟುಕೊಳ್ಳೋಣ. ಆಗ ಉಳಿಯುವುದು ಸಮಯದ ಹೋಲಿಕೆ, ಮತ್ತು ಇಲ್ಲಿ ಎಂಜಿನಿಯರ್‌ಗಳು ತಮಗೆ ತಾವೇ ಮೋಸ ಮಾಡಿಕೊಳ್ಳುತ್ತಾರೆ. ‘ಗೊತ್ತಾಯಿತು, ಒಂದೇ ಸಾಲು, ಐದು ನಿಮಿಷ’ ಎಂದು ಹೇಳುವವರು ಬರೆಯುವ ಸಮಯವನ್ನಷ್ಟೇ ಎಣಿಸಿರುತ್ತಾರೆ. ಅದರ ಹಿಂದೆ, ಅದು ನಿಜವಾದ ಕಾರಣವೇ ಎಂದು ತೊಂದರೆಯನ್ನು ಮರುಸೃಷ್ಟಿಸಿ ನೋಡುವ ಸಮಯವಿದೆ. ಮುಂದೆ ಇನ್ನೊಬ್ಬರು ಓದಿ ಒಪ್ಪುವುದು, ಬಿಲ್ಡ್, ಪರೀಕ್ಷೆಗಳು, ಮೊದಲ ಸರ್ವರ್, ಅಲ್ಲಿ ಗಮನಿಸುವುದು, ನಂತರ ಉಳಿದವು. ಬಿಲ್ಡ್‌ಗೇ 20 ನಿಮಿಷ ಹಿಡಿಯುವ ತಂಡದಲ್ಲಿ ಒಂದು ಸಾಲಿನ ಬದಲಾವಣೆ 45 ನಿಮಿಷಕ್ಕಿಂತ ಬೇಗ ಬಳಕೆದಾರರನ್ನು ತಲುಪುವುದು ಅಪರೂಪ. ಆ ಅವಸರದಲ್ಲಿ ಪರೀಕ್ಷೆಗಳನ್ನು ಬಿಟ್ಟು ಕಳುಹಿಸುವ ಆಸೆ ಹುಟ್ಟುತ್ತದೆ. ಹಾಗೆ ಕಳುಹಿಸಿದ್ದು ತಾನೂ ಕೆಟ್ಟರೆ, ಈಗ ಎರಡು ಕೆಟ್ಟ ಆವೃತ್ತಿಗಳ ಪೈಕಿ ಯಾವುದಕ್ಕೆ ಮರಳಬೇಕು ಎಂಬ ಪ್ರಶ್ನೆ.

ಹಾಗಾಗಿ ಮುಂದಕ್ಕೆ ಹೋಗುವ ನಿರ್ಧಾರಕ್ಕೆ ಎರಡು ಷರತ್ತುಗಳನ್ನು ಹಾಕುವುದು ಒಳ್ಳೆಯದು. ಮೊದಲನೆಯದು, ಕಾರಣವನ್ನು ಯಾರಾದರೂ ಬಳಕೆದಾರರಿಲ್ಲದ ಜಾಗದಲ್ಲಿ ಮರುಸೃಷ್ಟಿಸಿ ತೋರಿಸಿರಬೇಕು. ‘ಇದೇ ಇರಬೇಕು’ ಎಂಬುದು ಸಾಲದು. ಎರಡನೆಯದು, ಗಡಿಯಾರದ ಮೇಲೆ ಒಂದು ಗೆರೆ. ಇಷ್ಟು ಗಂಟೆಗೆ ತಿದ್ದಿದ ಆವೃತ್ತಿ ಒಂದು ಸರ್ವರ್‌ನಲ್ಲಿ ಸರಿಯಾಗಿ ಓಡದಿದ್ದರೆ ಇನ್ನೊಂದು ದಾರಿ ಹಿಡಿಯುತ್ತೇವೆ ಎಂದು ಮೊದಲೇ ಬರೆದಿಡಬೇಕು, ಆ ಕರೆ ಕೊಡುವವರು ಕೋಡ್ ತಿದ್ದುತ್ತಿರುವವರಲ್ಲದೆ ಬೇರೆಯವರಾಗಿರಬೇಕು. ತಿದ್ದುವವರಿಗೆ ಯಾವಾಗಲೂ ಇನ್ನು ಐದೇ ನಿಮಿಷ ಸಾಕು.

## ಹಿಂದಿನ ದಾರಿ ಮುಚ್ಚಿರುವ ಸಂದರ್ಭಗಳು

ಕೆಲವು ಸಲ ಹೋಲಿಕೆಗೇ ಅವಕಾಶವಿರುವುದಿಲ್ಲ. ಮೊಬೈಲ್ ಆ್ಯಪ್ ಬಳಕೆದಾರರ ಫೋನಿಗೆ ಇಳಿದ ಮೇಲೆ ಅಂಗಡಿಯಿಂದ ಅದನ್ನು ಹಿಂದಕ್ಕೆ ಕರೆಯಲಾಗದು. ಗೂಗಲ್ ಪ್ಲೇಯಲ್ಲಿ ಹೊಸದಾಗಿ ಹಾಕುವ ಪ್ರತಿ ಆವೃತ್ತಿಯ ಸಂಖ್ಯೆಯೂ ಹಿಂದಿನದಕ್ಕಿಂತ ದೊಡ್ಡದಿರಬೇಕು. ಹಳೆಯ ಕೋಡನ್ನೇ ಕೊಡಬೇಕೆಂದರೂ ಅದಕ್ಕೆ ಹೊಸ ಸಂಖ್ಯೆ ಹಚ್ಚಿ ಮುಂದಕ್ಕೇ ಕಳುಹಿಸಬೇಕು. ಅಲ್ಲಿ ಕೈಯಲ್ಲಿ ಉಳಿಯುವುದು, ಹಂತ ಹಂತವಾಗಿ ಹೋಗುತ್ತಿದ್ದ ವಿತರಣೆಯನ್ನು ಇನ್ನಷ್ಟು ಜನರಿಗೆ ತಲುಪದಂತೆ ನಿಲ್ಲಿಸುವುದು ಮಾತ್ರ. ಕ್ರೌಡ್‌ಸ್ಟ್ರೈಕ್‌ನ ಫೈಲ್ ಕೂಡ ಇದೇ ಜಾತಿಯದು: ಕಳುಹಿಸಿದವರ ಕೈಬಿಟ್ಟು ಹೋಗಿತ್ತು.

ಹಳೆಯ ಆವೃತ್ತಿಯೇ ಹೆಚ್ಚು ಅಪಾಯಕಾರಿ ಆಗಿರುವ ಸಂದರ್ಭ ಇನ್ನೊಂದು. ರಿಲೀಸ್‌ನ ಉದ್ದೇಶವೇ ಬಹಿರಂಗವಾಗಿರುವ ಭದ್ರತಾ ಲೋಪವೊಂದನ್ನು ಮುಚ್ಚುವುದಾಗಿದ್ದರೆ, ಹಿಂದಕ್ಕೆ ಹೋಗುವುದೆಂದರೆ ಕಳ್ಳರಿಗೆ ಗೊತ್ತಿರುವ ಬಾಗಿಲನ್ನು ಮತ್ತೆ ತೆರೆದಿಡುವುದು. ಹೊಸ ಆವೃತ್ತಿಯ ತೊಂದರೆ ಕಿರಿಕಿರಿಯ ಮಟ್ಟದ್ದಾಗಿದ್ದರೆ ಅದನ್ನು ಸಹಿಸಿಕೊಂಡು ಮುಂದಕ್ಕೇ ಸರಿಪಡಿಸಬೇಕು.

ತೊಂದರೆಗೆ ರಿಲೀಸ್ ಕಾರಣವೇ ಅಲ್ಲದ ಸಂದರ್ಭಗಳೂ ಇವೆ. ಇದನ್ನು ಪತ್ತೆಹಚ್ಚುವುದು ಅಷ್ಟು ಕಷ್ಟವಲ್ಲ: ಹೊಸ ಕೋಡ್ ಹೋಗಿರುವ ಮತ್ತು ಹೋಗದಿರುವ ಸರ್ವರ್‌ಗಳೆರಡರಲ್ಲಿಯೂ ದೋಷಗಳು ಒಂದೇ ಪ್ರಮಾಣದಲ್ಲಿದ್ದರೆ ಕಾರಣ ಬೇರೆಲ್ಲೋ ಇದೆ. ನೈಟ್‌ನಲ್ಲಿ ಈ ಹೋಲಿಕೆ ಮಾಡಿದ್ದರೆ ತಪ್ಪು ಆದೇಶಗಳೆಲ್ಲ ಒಂದೇ ಸರ್ವರಿನಿಂದ, ಅದೂ ಹೊಸ ಕೋಡ್ ಇಲ್ಲದ ಸರ್ವರಿನಿಂದ ಬರುತ್ತಿರುವುದು ಕಾಣುತ್ತಿತ್ತು.

## ಒಂದು ಬೆಳಗಿನ ಲೆಕ್ಕ

ಇದೆಲ್ಲ ಒಟ್ಟಿಗೆ ಹೇಗೆ ಕೆಲಸ ಮಾಡುತ್ತದೆ ಎಂಬುದಕ್ಕೆ ಒಂದು ಕಲ್ಪಿತ ಬಸ್ ಟಿಕೆಟ್ ಸೇವೆಯನ್ನು ತೆಗೆದುಕೊಳ್ಳೋಣ. ನಾಲ್ಕು ಜನರಿಗೆ ಒಟ್ಟಿಗೆ ಮಾಡಿದ ಬುಕಿಂಗ್‌ನಲ್ಲಿ ಒಬ್ಬರ ಟಿಕೆಟನ್ನು ಮಾತ್ರ ರದ್ದುಪಡಿಸುವ ಸೌಲಭ್ಯ ಅಲ್ಲಿ ಇರಲಿಲ್ಲ. ಬೆಳಿಗ್ಗೆ 10:00ರ ರಿಲೀಸ್ ಅದನ್ನು ತಂದಿತು. ಹಾಗೆ ರದ್ದಾದ ಬುಕಿಂಗ್‌ಗಳಿಗೆ `PARTIALLY_CANCELLED` ಎಂಬ ಹೊಸ ಸ್ಥಿತಿಯನ್ನು ಬರೆಯಲಾಗುತ್ತದೆ. ಈ ಸೌಲಭ್ಯ ಫೀಚರ್ ಫ್ಲ್ಯಾಗ್ ಹಿಂದಿದೆ. ಅದೇ ರಿಲೀಸ್‌ನಲ್ಲಿ ಪ್ರಯಾಣದರ ಲೆಕ್ಕ ಹಾಕುವ ಕೋಡನ್ನೂ ಹೊಸದಾಗಿ ಬರೆದಿದ್ದಾರೆ. ಅದಕ್ಕೆ ಫ್ಲ್ಯಾಗ್ ಇಲ್ಲ.

10:12ಕ್ಕೆ ಒಂದು ದೂರು ಬರುತ್ತದೆ, ವಿಚಿತ್ರವೆಂದರೆ ಬಸ್ ಮಾಲೀಕರಿಂದ. ಹಿರಿಯ ನಾಗರಿಕರಿಗೆ 25 ಶೇಕಡಾ ರಿಯಾಯಿತಿ ಎರಡು ಸಲ ಅನ್ವಯವಾಗುತ್ತಿದೆ. 400 ರೂಪಾಯಿಯ ಟಿಕೆಟ್ 300ಕ್ಕೆ ಹೋಗುವ ಬದಲು 225ಕ್ಕೆ ಹೋಗುತ್ತಿದೆ. ನಿಮಿಷಕ್ಕೆ ಇಂತಹ ಸುಮಾರು 10 ಟಿಕೆಟ್‌ಗಳು, ಅಂದರೆ ನಿಮಿಷಕ್ಕೆ 750 ರೂಪಾಯಿ ನಷ್ಟ.

ತಂಡದ ಮೊದಲ ಪ್ರವೃತ್ತಿ ಹಿಂದಕ್ಕೆ ಹೋಗುವುದು. ಆಜ್ಞೆಯನ್ನು ಒತ್ತುವ ಮೊದಲು ಒಬ್ಬರು ಡೇಟಾಬೇಸನ್ನು ಕೇಳುತ್ತಾರೆ:

```sql
SELECT count(*) FROM bookings
WHERE status = 'PARTIALLY_CANCELLED';
```

ಉತ್ತರ 340. ಹಳೆಯ ಕೋಡ್‌ಗೆ ಈ ಸ್ಥಿತಿ ಗೊತ್ತಿಲ್ಲ. ನಿರ್ವಾಹಕರಿಗೆ ಬಸ್ಸಿನ ಪ್ರಯಾಣಿಕರ ಪಟ್ಟಿಯನ್ನು ತೋರಿಸುವ ಪುಟವು ಗೊತ್ತಿಲ್ಲದ ಸ್ಥಿತಿಯೊಂದು ಎದುರಾದರೆ ದೋಷ ಕೊಟ್ಟು ನಿಂತುಬಿಡುತ್ತದೆ. ಒಬ್ಬ ಪ್ರಯಾಣಿಕನ ದಾಖಲೆಯಿಂದ ಇಡೀ ಬಸ್ಸಿನ ಪಟ್ಟಿ ತೆರೆಯುವುದಿಲ್ಲ. 340 ಬುಕಿಂಗ್‌ಗಳು 290 ಬಸ್ಸುಗಳಲ್ಲಿ ಹರಡಿವೆ. ಈಗ ತಕ್ಕಡಿಯ ಎರಡೂ ಬದಿ ಕಾಣುತ್ತಿದೆ. ಮುಂದುವರಿದರೆ ನಿಮಿಷಕ್ಕೆ 750 ರೂಪಾಯಿ ನಷ್ಟ, ಅದೂ ಸೇವೆಯೇ ಭರಿಸಿಕೊಳ್ಳಬಹುದಾದ ನಷ್ಟ. ಹಿಂದಕ್ಕೆ ಹೋದರೆ 290 ಬಸ್ಸುಗಳ ನಿರ್ವಾಹಕರು ಪಟ್ಟಿಯಿಲ್ಲದೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳಬೇಕು.

10:18ಕ್ಕೆ ಅವರು ಮೊದಲು ಭಾಗಶಃ ರದ್ದತಿಯ ಫ್ಲ್ಯಾಗನ್ನು ಆರಿಸುತ್ತಾರೆ. ದೂರು ಬಂದದ್ದು ದರದ ಬಗ್ಗೆ, ಆದರೂ ಇದನ್ನು ಆರಿಸಿದ್ದೇಕೆಂದರೆ 340 ಎಂಬ ಸಂಖ್ಯೆ ಇನ್ನು ಬೆಳೆಯಬಾರದು. ಕಿರಿದಾಗುತ್ತಿದ್ದ ಬಾಗಿಲು ಅಲ್ಲಿಗೆ ನಿಂತಿತು. 10:21ರ ಹೊತ್ತಿಗೆ ಪರೀಕ್ಷಾ ಸರ್ವರ್‌ನಲ್ಲಿ 400 ರೂಪಾಯಿಯ ಟಿಕೆಟ್ 225ಕ್ಕೆ ಇಳಿಯುವುದನ್ನು ಒಬ್ಬರು ಮರುಸೃಷ್ಟಿಸಿ ತೋರಿಸುತ್ತಾರೆ: ರಿಯಾಯಿತಿಯ ಸಾಲು ಎರಡು ಕಡೆ ಇದೆ. ಕಾರಣ ಖಚಿತವಾಯಿತು, ಬಿಲ್ಡ್ ಮತ್ತು ಪರೀಕ್ಷೆಗಳಿಗೆ 22 ನಿಮಿಷ ಬೇಕು. ನಿರ್ಧಾರ ಮುಂದಕ್ಕೆ. ಗೆರೆ 10:50: ಅಷ್ಟರೊಳಗೆ ಒಂದು ಸರ್ವರ್‌ನಲ್ಲಿ ದರ ಸರಿಬರದಿದ್ದರೆ, 340 ದಾಖಲೆಗಳನ್ನು ಪೂರ್ಣ ವಿವರಗಳೊಂದಿಗೆ ಪ್ರತ್ಯೇಕ ಕೋಷ್ಟಕಕ್ಕೆ ನಕಲಿಸಿಟ್ಟು, ಅವುಗಳ ಸ್ಥಿತಿಯನ್ನು ಹಳೆಯ ಕೋಡ್‌ಗೆ ಗೊತ್ತಿರುವ `PAID` ಎಂದು ತಾತ್ಕಾಲಿಕವಾಗಿ ಬದಲಿಸಿ, ಹಿಂದಕ್ಕೆ ಹೋಗುವುದು. ಆಗ ರದ್ದಾದ ಕೆಲವು ಸೀಟುಗಳು ತುಂಬಿದಂತೆ ಕಾಣುತ್ತವೆ, ಆದರೆ ಪಟ್ಟಿಗಳು ತೆರೆಯುತ್ತವೆ. ಒಬ್ಬರು ತಿದ್ದುತ್ತಿರುವಾಗ ಇನ್ನೊಬ್ಬರು ಈ ಎರಡನೆಯ ದಾರಿಯನ್ನು ಸಿದ್ಧಪಡಿಸುತ್ತಿರುತ್ತಾರೆ.

10:46ಕ್ಕೆ ಮೊದಲ ಸರ್ವರ್‌ನಲ್ಲಿ ಟಿಕೆಟ್ 300 ರೂಪಾಯಿ ತೋರಿಸುತ್ತದೆ. 10:52ಕ್ಕೆ ಎಲ್ಲ ಸರ್ವರ್‌ಗಳಲ್ಲಿಯೂ. ಒಟ್ಟು 52 ನಿಮಿಷ, ಸುಮಾರು 520 ಟಿಕೆಟ್, 39,000 ರೂಪಾಯಿ.

ಆ ಪ್ರಶ್ನೆಗೆ ಡೇಟಾಬೇಸ್ 340ರ ಬದಲು 0 ಎಂದು ಉತ್ತರಿಸಿದ್ದರೆ, ಅಂದರೆ ಫ್ಲ್ಯಾಗನ್ನು ಇನ್ನೂ ಹೊತ್ತಿಸಿಯೇ ಇರದಿದ್ದರೆ, ಸರಿಯಾದ ನಿರ್ಧಾರ ತಿರುಗುಮುರುಗಾಗುತ್ತಿತ್ತು. ಕಾರಣ ಹುಡುಕುವ ಗೊಡವೆಗೇ ಹೋಗದೆ 10:15ಕ್ಕೆ ರೋಲ್‌ಬ್ಯಾಕ್ ಮಾಡಿ, ದರದ ತಪ್ಪನ್ನು ಮಧ್ಯಾಹ್ನ ಊಟದ ನಂತರ ನಿಧಾನವಾಗಿ ಹುಡುಕಬಹುದಿತ್ತು.

ಮುಂದಿನ ವಾರ ಆ ತಂಡ ಮಾಡಬೇಕಾದ ಬದಲಾವಣೆಯೂ ಇದರಿಂದಲೇ ಹೊರಡುತ್ತದೆ. ಹೊಸ ಸ್ಥಿತಿಯನ್ನು ಓದುವ ಕೋಡ್ ಮತ್ತು ಬರೆಯುವ ಕೋಡ್ ಒಂದೇ ರಿಲೀಸ್‌ನಲ್ಲಿ ಹೋಗಿದ್ದರಿಂದ ಬಾಗಿಲು ಮುಚ್ಚಿತು. ಓದುವ ಭಾಗವನ್ನು ಗುರುವಾರ ಕಳುಹಿಸಿ, ಅದು ಎಲ್ಲ ಸರ್ವರ್‌ಗಳಲ್ಲಿಯೂ ನೆಲೆಗೊಂಡ ಮೇಲೆ ಬರೆಯುವ ಭಾಗವನ್ನು ಮುಂದಿನ ಮಂಗಳವಾರ ಕಳುಹಿಸಿದ್ದರೆ, ಮಂಗಳವಾರದ ರಿಲೀಸ್ ಕೆಟ್ಟಾಗ ಮರಳುವುದು ಗುರುವಾರದ ಕೋಡ್‌ಗೆ. ಅದಕ್ಕೆ `PARTIALLY_CANCELLED` ಎಂದರೆ ಏನೆಂದು ಆಗಲೇ ಗೊತ್ತಿರುತ್ತಿತ್ತು.